ಬೀದರಿನ ಫೈಲು, ಔರಾದದ ನಾಲ್ಕು ಗಂಟೆ

ಭಾಲ್ಕಿಯ ಕಲೀಮ ಒಂದೇ ಸಂಬಳಕ್ಕೆ ಮೂರು ಊರು ಕಾಯುವ ಮನುಷ್ಯ. ಒಂದು ಶಿಕ್ಷಣ ಸಂಸ್ಥೆಯ ಬೀದರ, ಭಾಲ್ಕಿ, ಔರಾದ ಆಫೀಸುಗಳ ಕಂಪ್ಯೂಟರೆಲ್ಲ ಅವನ ತಲೆಯ ಮೇಲೆ. ಕೆಟ್ಟಾಗ ನೆನಪಾಗುತ್ತಾನೆ, ನಡೆಯುವಾಗ ಯಾರಿಗೂ ಬೇಡ.

ಆ ಎರಡನೇ ಶನಿವಾರ ಮಧ್ಯಾಹ್ನ ಎರಡಕ್ಕೆ ಔರಾದದ ಆಫೀಸಿನಲ್ಲಿ ಹಳೆಯ ವಿದ್ಯಾರ್ಥಿನಿ ಸಪನಾ ಮತ್ತು ಅವಳ ತಾಯಿ ಶೇವಂತಾಬಾಯಿ ಅವನೆದುರು ಕೂತಿದ್ದರು. ನರ್ಸಿಂಗ್ ಸೀಟಿಗಾಗಿ ಸಪನಾ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ ತನ್ನ 371ಜೆ ಪ್ರಮಾಣಪತ್ರವನ್ನು ಅಂದೇ ಸಂಜೆ ನಾಲ್ಕರೊಳಗೆ ಅಪ್‌ಲೋಡ್ ಮಾಡಬೇಕು. ಮೂಲ ಪತ್ರ ಬೀದರಿನ ಆಫೀಸಿನ ಕಪಾಟಿನಲ್ಲಿದೆ. ಅಲ್ಲಿ ಇಂದು ರಜೆ, ಬೀಗದ ಕೈ ಇದ್ದವರು ಹೈದರಾಬಾದಿನ ಮದುವೆಯಲ್ಲಿ. ಉಳಿದದ್ದು ಅಲ್ಲಿನ ಸರ್ವರಿನ ಶೇರ್ಡ್ ಫೋಲ್ಡರಿನಲ್ಲಿದ್ದ ಸ್ಕ್ಯಾನು ಒಂದೇ.

ಬೀದರಿನ ಆಫೀಸಿಗೆ ಜೋಡಿಸುವ ವಿಪಿಎನ್ ಹತ್ತಿತು, ಫೋಲ್ಡರ್ ತೆರೆಯಲಿಲ್ಲ. ಸರ್ವರಿನ ಹೆಸರಿಗೆ ಪಿಂಗ್ ಮಾಡಿ, ಇದ್ದೀಯಾ ಎಂದು ಕೇಳಿದರೆ ಉತ್ತರ ಬರುತ್ತಿತ್ತು. ಸರ್ವರ್ ಜೀವಂತ ಇದೆಯೆಂದು ನಂಬಿ ಕಲೀಮ ಪಾಸ್‌ವರ್ಡು, ಫೈರ್‌ವಾಲು ಎಂದು ಮುಕ್ಕಾಲು ಗಂಟೆ ಕಳೆದ. ಆಮೇಲೆ ಉತ್ತರ ಕೊಡುತ್ತಿದ್ದ ವಿಳಾಸದ ಅಂಕಿಗಳನ್ನು ಕಣ್ಣಿಟ್ಟು ನೋಡಿದ. ಅದು ಬೀದರಿನ ಪ್ರಿಂಟರಿನದು!

ಹೋದ ವರ್ಷ ವಿಪಿಎನ್ ಮೇಲೆ, ಹೆಸರಿಗೆ ವಿಳಾಸ ಹುಡುಕಿಕೊಡುವ ಆಫೀಸಿನ ಡಿಎನ್ಎಸ್ ಸಿಗದಿದ್ದಾಗ, ಸರ್ವರಿನ ಹೆಸರು, ವಿಳಾಸ ಎರಡನ್ನೂ ಈ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ ಅವನೇ ಬರೆದಿಟ್ಟಿದ್ದ. ಮುಂದೆ ಸರ್ವರಿಗೆ ಹೊಸ ವಿಳಾಸ ಕೊಟ್ಟು, ಹಳೆಯದನ್ನು ಪ್ರಿಂಟರಿಗೆ ಹಚ್ಚಿದವನೂ ಅವನೇ. ಔರಾದದ ಈ ಸಾಲನ್ನೂ ತಿದ್ದಬೇಕೆಂಬುದು ಆಗ ನೆನಪಾಗಲೇ ಇಲ್ಲ. ತನ್ನ ಬೆರಳೇ ತನ್ನ ಕಣ್ಣಿಗೆ ಚುಚ್ಚಿತ್ತು. ಸಾಲು ತಿದ್ದಿದ, ಫೋಲ್ಡರ್ ತೆರೆಯಿತು. ಗಂಟೆ ಮೂರಾಗಿತ್ತು.

ಆದರೆ ಸ್ಕ್ಯಾನುಗಳಿಗೆ ಹೆಸರೇ ಇಲ್ಲ, ಯಂತ್ರ ಕೊಟ್ಟ ನಂಬರಷ್ಟೇ. ಬೀದರಿನಲ್ಲಾದರೆ ಪುಟ್ಟ ಚಿತ್ರ ನೋಡಿ ಕ್ಷಣದಲ್ಲಿ ಆರಿಸುತ್ತಾರೆ. ಇಲ್ಲಿ ಒಂದೊಂದು ಚಿತ್ರ ಮೂಡಬೇಕಾದರೂ ಆ ಫೈಲನ್ನು ಅಲ್ಲಿಂದ ಓದಿ ತರಬೇಕು. ಹುಡುಕಾಟವನ್ನು ಸಪನಾ ಸಂಸ್ಥೆಗೆ ಸೇರಿದ ತಿಂಗಳಿಗಷ್ಟೇ ಇಳಿಸಿಕೊಂಡರೂ ಆರುನೂರು ಫೈಲು.

"ವಿಡಿಯೋ ಚಲೋ ಓಡ್ತಾವಲ್ಲರಿ ಸರ್, ಇದ್ಯಾಕ ಹಿಂಗ?" ಎಂದಳು ಸಪನಾ.

"ವಿಡಿಯೋ ಒಂದೇ ಸಮ ಸುರೀತದವ್ವಾ. ಇದು ಹಂಗಲ್ಲ. ಒಂದೊಂದ ಮಾತ ಕೇಳ್ತದ, ಜವಾಬ್ ಬರೋತನಕ ಕುಂದರ್ತದ. ಒಂದ ಫೈಲಿಗೆ ಅಂಥಾವು ಹತ್ತಾರು ಮಾತು. ಹಾದಿ ಅಗಲ ಇದ್ರೇನು, ದೂರ ಇದ್ದದ್ದು ದೂರೇ."

ಕಾರಣ ಗೊತ್ತಿತ್ತು, ಕೈಯಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಒಂದು ಚೌಕ ತುಂಬಿದರೆ ಹತ್ತು ಖಾಲಿ. ಮೂರೂವರೆ. ಮೂರು ಐವತ್ತು. ಕಲೀಮ ಗಡಿಯಾರ ನೋಡುವುದನ್ನೇ ಬಿಟ್ಟ.

ನಾಲ್ಕು ಹನ್ನೊಂದಕ್ಕೆ ಪತ್ರ ಮೂಡಿತು. "ಇದೇರಿ," ಎಂದಳು ಸಪನಾ, ಮೆಲ್ಲಗೆ. ಕಲೀಮ ಅಪ್‌ಲೋಡ್ ಒತ್ತಿದ. ಅವಧಿ ಮುಗಿದಿದೆ ಎಂಬ ಸಾಲು ಬಂತು. ಸಪನಾ ಅದನ್ನು ಓದಿದಳು.

ಶೇವಂತಾಬಾಯಿಗೆ ಓದು ಬರದು. ಪರದೆಯ ಮೇಲೆ ಮಗಳ ಪತ್ರ ಕಂಡದ್ದೇ ಅವಳು ಕಣ್ಣೊರೆಸಿಕೊಂಡು ಕೈಮುಗಿದಳು.

"ಸಿಕ್ತಲ್ಲರಿ ಸಾಹೇಬ್ರ! ನಿಮ್ಮ ಉಪಕಾರ ಸಾಯೋತನಕ ಮರೆಯಂಗಿಲ್ಲರಿ."