ಅಕ್ಷರ ಬಂದ ಮೇಲೆ ಗಂಟೆ

೨೦೨೫ರ ಜುಲೈ ೧೨ರಂದು ಆನ್‌ಲೈನ್ ವಿಜ್ಞಾನ ರಸಪ್ರಶ್ನೆಯಲ್ಲಿ ಔರಾದ ತಾಲ್ಲೂಕಿನ ಡಾಬಕಾದ ಗುಡಿಯಾ ಕೊಟ್ಟ ಸರಿಯುತ್ತರವನ್ನು ಸಂಘಟಕರು ರದ್ದುಪಡಿಸಿದರು. ಕಿವಿ ಕೇಳದ ಆ ಹುಡುಗಿಗೆ ಒಂದೇ ಅಂಕದಿಂದ ಅಂತಿಮ ಸುತ್ತು ಕೈತಪ್ಪಿತು.

ಪ್ರಶ್ನೆಗಳನ್ನು ತೆರೆಯ ಮೇಲೆ ಅಕ್ಷರವಾಗಿ ತೋರಿಸುತ್ತಿದ್ದವರು ಬೀದರಿನಲ್ಲಿ ನನ್ನ ನೆರೆಮನೆಯ ದೇಬೋರಾ. ನರ್ಸಿಂಗ್ ಶಾಲೆಯಲ್ಲಿ ಟೈಪಿಸ್ಟ್ ಆಗಿದ್ದ ಅವರು ಈಗ ಯಂತ್ರ ಬರೆದುಕೊಂಡ ಮಾತನ್ನು ತಿದ್ದಿ ತೆರೆಗೆ ಬಿಡುತ್ತಾರೆ. ತಿದ್ದಲು ಐದಾರು ಸೆಕೆಂಡು ಬೇಕು. ತಿದ್ದದಿದ್ದರೆ ಅಕ್ಷರ ಬೇಗ ಬರುತ್ತದೆ, ಆದರೆ ತಪ್ಪುಗಳೊಡನೆ. ಓದುತ್ತಿರುವಾಗಲೇ ಪದಗಳು ಬದಲಾಗುತ್ತವೆ.

ಅಂದು ಗುಡಿಯಾ ಓದಿ ಮುಗಿಸುವ ಮೊದಲೇ ಭಾಲ್ಕಿಯ ಕೆವಿನ ಎಂಬ ಹುಡುಗ ಪ್ರಶ್ನೆ ಕೇಳಿಸಿಕೊಂಡೇ ಉತ್ತರದ ಗುಂಡಿ ಒತ್ತುತ್ತಿದ್ದ. ನಾನು ದೇಬೋರಾರ ಪಕ್ಕದಲ್ಲೇ ಕುಳಿತಿದ್ದೆ.

“ಅಕ್ಕಾರ, ತಿದ್ದೋದ ಬಿಡ್ರಿ, ಹಂಗೇ ಹಾಕ್ರಿ,” ಎಂದರು ಪ್ರಶ್ನೆ ಕೇಳುತ್ತಿದ್ದ ಆಸಿಫ.

“ಆಗಲೇ ಎರಡ ಪ್ರಶ್ನಿ ಹಂಗೇ ಹಾಕೀನ್ರಿ ಸರ. ಅವನ್ನ ಓದಿ ನೀವೇ ಉತ್ತರ ಹೇಳ್ರಿ ನೋಡೋಣ. ಅಕ್ಷರ ಪೂರಾ ಬಂದ ಮ್ಯಾಲ ಗಂಟಿ ಹೊಡೀರಿ, ಅದಕ್ಕೂ ಮೊದಲ ಒತ್ತಿದ್ದು ಯಾರದೂ ಲೆಕ್ಕಿಲ್ಲ ಅನ್ರಿ.”

ಆಸಿಫ ನಕ್ಕು ಒಪ್ಪಿದರು. ಕೊನೆಯ ಪ್ರಶ್ನೆ ತಿದ್ದಿದ ರೂಪದಲ್ಲಿ ತೆರೆಗೆ ಬಂತು. ಎಲ್ಲರೂ ಓದಿದರು. ಆಸಿಫ ಗಂಟೆ ಬಾರಿಸಿದರು, ತೆರೆಯ ಮೇಲೂ ಗಂಟೆಯ ಗುರುತು ಮೂಡಿತು. ಮೊದಲು ಬೆಳಗಿದ್ದು ತೆರೆಯಲ್ಲಿ ಗುಡಿಯಾಳ ಹೆಸರಿನ ಮುಂದಿನ ದೀಪ! ಅವಳ ಉತ್ತರವೂ ಸರಿಯಾಗಿತ್ತು. ದೇಬೋರಾ ಎದ್ದು ಚಪ್ಪಾಳೆ ತಟ್ಟಿದರು. ಕೋಲೂರಿ ನಡೆಯುವ ನಾನೂ ಕೋಲು ಮರೆತು ನಿಂತುಬಿಟ್ಟೆ.

ಸಂಜೆ ಸಂಘಟಕರು ಅಕ್ಷರಕ್ಕಾಗಿ ಕಾದದ್ದನ್ನು “ವಿಶೇಷ ರಿಯಾಯಿತಿ” ಎಂದು ಕರೆದು ಗುಡಿಯಾಳ ಅಂಕ ಅಳಿಸಿದರು. ಎಲ್ಲರೂ ಕಾದಿರುವಾಗ ರಿಯಾಯಿತಿ ಯಾರಿಗೆ? ಸಂಘಟಕರೇ, ಗುಡಿಯಾಳ ಅಂಕವನ್ನು ಹಿಂದಿರುಗಿಸಿ. ಅಂತಿಮ ಸುತ್ತಿಗೆ ಅವಳನ್ನು ಕರೆಯಿರಿ, ಅಲ್ಲಿಯೂ ಅಕ್ಷರ ಬಂದ ಮೇಲೆಯೇ ಗಂಟೆ ಬಾರಿಸಿ.