ಒಳ ಅಳತೆ, ಹೊರ ಅಳತೆ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಎಲ್ಲರಿಗೂ ಅವನು ಗುಂಡಿಯಣ್ಣ. ಹರೆಯದಲ್ಲಿ ಬಾವಿ ತೋಡುತ್ತಿದ್ದ. ಬಾವಿಗಳ ಕಾಲ ಮುಗಿದ ಮೇಲೆ ಮನೆಗಳ ಅಂಗಳದಲ್ಲಿ ನೀರಿನ ಸಂಪು ತೋಡತೊಡಗಿದ. "ಬೇರೆಯವರ ಕೆಲಸ ಎದ್ದು ಕಾಣುತ್ತೆ, ನಮ್ಮದು ಮುಚ್ಚಿ ಹೋಗುತ್ತೆ" ಎಂದು ನಗಾಡುತ್ತಿದ್ದ. ಮಾತಿನ ಮಲ್ಲ. ಆದರೆ ಗುಂಡಿ ಎದೆಮಟ್ಟ ದಾಟಿತೆಂದರೆ ಅವನ ಬಾಯಿ ತಾನಾಗಿಯೇ ಕಟ್ಟುತ್ತಿತ್ತು. ಹಿಂದೊಮ್ಮೆ ಬಾವಿಯ ದಡ ಕುಸಿದು ಅವನ ಅಣ್ಣ ಒಳಗೇ ಉಳಿದುಹೋಗಿದ್ದ. ಅಂದಿನಿಂದ ಮಣ್ಣಿನ ಸದ್ದಿಗೆ ಕಿವಿಗೊಡದೆ ಅವನು ಗುದ್ದಲಿ ಎತ್ತಿದ್ದಿಲ್ಲ.

ಅವನ ಜೋಡಿ ಅವನ ಹೆಂಡತಿಯ ತಮ್ಮ. ಇವನು ತೋಡಿದರೆ ಭಾಮೈದ ಇಟ್ಟಿಗೆ ಕಟ್ಟಿ ಗಾರೆ ಮಾಡುವುದು. ಗೋಡೆಯ ದಪ್ಪವೆಲ್ಲ ಸೇರಿಸಿ ಗುಂಡಿಯ ಅಳತೆ ಕೊಡುವುದು ಯಾವಾಗಲೂ ಭಾಮೈದನ ಕೆಲಸ; ಆ ಅಳತೆಗೆ ದಾರ ಕಟ್ಟುವುದು ಗುಂಡಿಯಣ್ಣನ ಕೆಲಸ. ಹೆರಿಗೆ ಮನೆ ನಡೆಸುವ ನರ್ಸಮ್ಮನ ಸಂಪಿನ ಕೆಲಸ ಬಂದಾಗ ಭಾಮೈದ ಬೇರೆ ಊರಿನ ಕೆಲಸದಲ್ಲಿದ್ದ. ಅಲ್ಲೇ ಎಡವಟ್ಟಾಯಿತು.

ನರ್ಸಮ್ಮನ ಲೆಕ್ಕ ಸರಿಯಾಗಿಯೇ ಇತ್ತು. ಬಾಣಂತಿಯರು, ಕೂಸುಗಳು, ಒಗೆಯುವ ಬಟ್ಟೆ ಎಲ್ಲ ಸೇರಿ ದಿನಕ್ಕೆ ಮೂರು ಸಾವಿರ ಲೀಟರ್ ಬೇಕು. ನಲ್ಲಿಯಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ಹಾಗಾಗಿ ಹನ್ನೆರಡು ಸಾವಿರ. "ಒಂದು ಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಆಳಕ್ಕೆ ಸಾವಿರ ಲೀಟರ್ ಹಿಡಿಯುತ್ತೆ. ಮೂರು ಮೀಟರ್ ಉದ್ದ, ಎರಡು ಅಗಲ, ನೀರು ನಿಲ್ಲೋ ಆಳ ಎರಡು. ಗುಣಿಸಿದ್ರೆ ಹನ್ನೆರಡು. ಸರಿ ತಾನೇ?" ಎಂದು ಅವರು ಕೇಳಿದ್ದರು.

"ಸರಿ ಅಮ್ಮ" ಎಂದ ಗುಂಡಿಯಣ್ಣ, ಮೂರಕ್ಕೆ ಎರಡರಂತೆ ಗೂಟ ಹೊಡೆದು ದಾರ ಕಟ್ಟಿಯೇ ಬಿಟ್ಟ. ಆಳಕ್ಕೆ ಮಾತ್ರ ಮರೆಯದೆ ಕೂಡಿಸಿದ: ನೀರಿಗೆ ಎರಡು ಮೀಟರ್, ಮೇಲೆ ಖಾಲಿ ಬಿಡಲು ಮೂವತ್ತು ಸೆಂಟಿಮೀಟರ್, ತಳದ ಜಲ್ಲಿಗೆ ಹತ್ತು, ತಳದ ಕಾಂಕ್ರೀಟಿಗೆ ಹದಿನೈದು, ಮುಚ್ಚುವ ಚಪ್ಪಡಿಗೆ ಹದಿನೈದು. ಒಟ್ಟು ಎರಡು ಮೀಟರ್ ಎಪ್ಪತ್ತು.

ಅಂಗಳ ಇಕ್ಕಟ್ಟು. ಗುಂಡಿಯ ಉದ್ದದ ಒಂದು ಬದಿಗೆ ಹೆರಿಗೆ ಮನೆಯ ಅಡಿಪಾಯ, ಇನ್ನೊಂದು ಬದಿಗೆ ಪಕ್ಕದ ಮನೆಯ ಹಳೆಯ ಕಲ್ಲುಗೋಡೆ. ಆ ಗೋಡೆಗೆ ಆತುಕೊಂಡೇ ಅವರ ಅಡುಗೆಮನೆ. ಸೊಂಟದಷ್ಟು ಇಳಿದಾಗ ಕಲ್ಲುಗೋಡೆಯ ಬದಿಯಲ್ಲಿ ಒಡಕು ಹೆಂಚು, ಬೂದಿ, ಸಡಿಲ ಮಣ್ಣು ಸಿಕ್ಕಿತು. ಯಾವ ಕಾಲದಲ್ಲೋ ತುಂಬಿಸಿದ ಜಾಗ. ಗುಂಡಿಯಣ್ಣ ಹಲಗೆ ನಿಲ್ಲಿಸಿ, ಅಡ್ಡಕ್ಕೆ ಮರದ ಆನಿಕೆ ಕೊಟ್ಟುಕೊಂಡು ಉಸಿರು ಬಿಗಿಹಿಡಿದೇ ತಳ ಮುಟ್ಟಿದ.

ಭಾಮೈದ ಬಂದದ್ದು ಮೋಡ ಕವಿದ ಮಧ್ಯಾಹ್ನ. ಟೇಪು ಹಿಡಿದವನೇ ಮುಖ ಗಂಟಿಕ್ಕಿದ.

"ಭಾವ, ಇದು ಒಳ ಅಳತೆ. ಗೋಡೆ ಎಲ್ಲಿ ಕಟ್ಟಲಿ, ನಿಮ್ಮ ತಲೆ ಮೇಲಾ?"

ಗುಂಡಿಯಣ್ಣನಿಗೆ ತಪ್ಪು ಆಗ ಹೊಳೆಯಿತು. ಇಟ್ಟಿಗೆ, ಗಾರೆ ಸೇರಿ ಗೋಡೆ ಇಪ್ಪತ್ತೈದು ಸೆಂಟಿಮೀಟರ್ ದಪ್ಪ. ಎರಡು ಕಡೆಗೂ ಅಷ್ಟಷ್ಟು ಬೇಕು. ತೋಡಬೇಕಿದ್ದದ್ದು ಮೂರೂವರೆಗೆ ಎರಡೂವರೆ.

"ಇದರೊಳಗೇ ಕಟ್ಟಿದ್ರೆ?" ಎಂದು ನರ್ಸಮ್ಮ ಕೇಳಿದರು.

"ಒಳಗೆ ಎರಡೂವರೆಗೆ ಒಂದೂವರೆ ಉಳಿಯುತ್ತೆ. ಎರಡು ಮೀಟರ್ ನೀರು ಅಂದ್ರೆ ಏಳೂವರೆ ಸಾವಿರ ಲೀಟರ್" ಎಂದ ಭಾಮೈದ.

"ಅಂದ್ರೆ ಮೂರನೇ ದಿನ ಮಧ್ಯಾಹ್ನಕ್ಕೆ ಖಾಲಿ. ಹೆರಿಗೆ ನಲ್ಲಿ ನೋಡ್ಕೊಂಡು ಬರಲ್ಲಪ್ಪ."

ಗುಂಡಿಯಣ್ಣ ತಲೆ ತಗ್ಗಿಸಿದ. "ತಪ್ಪು ನಂದೇ ಅಮ್ಮ. ಸರಿ ಮಾಡೋದೂ ನಂದೇ."

"ಮಾತಾಡ್ತಾ ನಿಂತ್ರೆ ಮಳೆ ಬರುತ್ತೆ" ಎಂದ ಭಾಮೈದ. "ಮನೆ ಕಡೆ ಅಡಿಪಾಯ ಮುಟ್ಟೋ ಹಾಗಿಲ್ಲ. ಕಲ್ಲುಗೋಡೆ ಕಡೆ ಅರ್ಧ ಮೀಟರ್ ಕೆತ್ತಿದ್ರೆ ಅಗಲ ಬರುತ್ತೆ." ಹೇಳುತ್ತಲೇ ಏಣಿ ಇಳಿದು, ಎರಡು ಆನಿಕೆ ಕಳಚಿ, ಒಂದು ಹಲಗೆ ಎಳೆದು ಹಾರೆ ಹಾಕಿದ.

"ಬೇಡ, ಮೇಲೆ ಬಾ. ಅದು ತುಂಬಿದ ಮಣ್ಣು."

"ನಿಮಗೆ ಮಣ್ಣು ಕಂಡ್ರೆ ದೆವ್ವ ಕಂಡ ಹಾಗೆ ಭಾವ."

ಗುಂಡಿಯಣ್ಣ ದಡದಲ್ಲಿ ಕುಕ್ಕರುಗಾಲಲ್ಲಿ ಕೂತು ನೆಲ ನೋಡಿದ. ಗುಂಡಿಗೂ ಕಲ್ಲುಗೋಡೆಗೂ ನಡುವೆ ಕೂದಲೆಳೆಯಂಥ ಬಿರುಕು. ನೋಡುತ್ತಿದ್ದಂತೆ ಬೆರಳು ತೂರುವಷ್ಟಾಯಿತು. ಒಳಗೆಲ್ಲೋ ಜೋಳ ಸುರಿದಂಥ ಸಣ್ಣ ಸದ್ದು. ಆ ಸದ್ದನ್ನು ಅವನು ಬದುಕಿನಲ್ಲಿ ಒಮ್ಮೆ ಕೇಳಿದ್ದ.

"ಅಮ್ಮ, ಪಕ್ಕದ ಅಡುಗೆಮನೆ ಖಾಲಿ ಮಾಡಿಸಿ" ಎಂದವನ ದನಿ ತಣ್ಣಗಿತ್ತು. ನರ್ಸಮ್ಮ ಏಕೆಂದು ಕೇಳದೆ ಓಡಿದರು. ಅವನು ಏಣಿಗೆ ಒಂದು ಕಾಲು ಕೊಟ್ಟು, ಬಗ್ಗಿ, ಭಾಮೈದನ ಅಂಗಿಯ ಕೊರಳಪಟ್ಟಿಗೆ ಕೈಹಾಕಿದ. "ನಿಮ್ಮಕ್ಕನ ಆಣೆ, ಹಾರೆ ಬಿಟ್ಟು ಹತ್ತು."

ಆ ಆಣೆಯನ್ನು ಗುಂಡಿಯಣ್ಣ ಎಂದೂ ಇಟ್ಟವನಲ್ಲ. ಭಾಮೈದ ಹಾರೆ ಬಿಟ್ಟ. ಅವನ ಮೊಣಕಾಲು ದಡಕ್ಕೆ ತಾಗುವಷ್ಟರಲ್ಲಿ ಹಿಂದೆ ಆ ಬದಿ ನಿಟ್ಟುಸಿರು ಬಿಟ್ಟಂತೆ ಜಾರಿತು. ಹಾರೆ, ಹಲಗೆ, ಏಣಿಯ ಅರ್ಧಭಾಗ ಮಣ್ಣಿನಡಿ ಸೇರಿದವು. ಕಲ್ಲುಗೋಡೆ ನಿಂತಿತ್ತು, ಅದರ ಬುಡದಲ್ಲಿ ಮಾತ್ರ ಒಂದು ಪೊಟರೆ ಬಾಯಿ ತೆರೆದಿತ್ತು.

ಭಾಮೈದ ನೆಲದ ಮೇಲೆ ಕೂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದ. ಮೊದಲ ಹನಿ ಬಿತ್ತು.

"ಚೀಲ ತುಂಬು" ಎಂದ ಗುಂಡಿಯಣ್ಣ. ಮೊದಲು ಗೋಡೆಯ ಆಚೆ ಬದಿಗೆ ಊರೆಗಂಬ ಕೊಡಿಸಿದ. ಆಮೇಲೆ ಅಗೆದ ಮಣ್ಣನ್ನೇ ಸಿಮೆಂಟು ಚೀಲಗಳಿಗೆ ತುಂಬಿಸಿ, ದಡದಿಂದಲೇ ಒಂದೊಂದಾಗಿ ಪೊಟರೆಗೆ ಇಳಿಬಿಟ್ಟು ಬಿಗಿಯಾಗಿ ಪೇರಿಸಿದ. ಉಳಿದ ಆನಿಕೆ ಗಟ್ಟಿಯಾಗಿದೆಯೆಂದು ತಟ್ಟಿ ನೋಡುವವರೆಗೂ ಯಾರನ್ನೂ ಒಳಗೆ ಬಿಡಲಿಲ್ಲ. ಕೊನೆಯ ಹಲಗೆ ಕೂರಿಸಲು ಮಾತ್ರ ಒಬ್ಬರು ಇಳಿಯಲೇಬೇಕಿತ್ತು. ಸೊಂಟಕ್ಕೆ ಹಗ್ಗ ಬಿಗಿದು ತಾನೇ ಇಳಿದ. ಹಗ್ಗದ ಇನ್ನೊಂದು ತುದಿಯನ್ನು ಭಾಮೈದ ಎರಡು ಸುತ್ತು ತನ್ನ ಮೈಗೇ ಸುತ್ತಿಕೊಂಡಿದ್ದ.

ಗುಂಡಿಗೆ ತಾಡಪಾಲು ಹೊದಿಸಿ ಮೂವರೂ ವರಾಂಡದಲ್ಲಿ ಕೂತರು.

"ಅಗಲ ಬಿಟ್ಟುಬಿಡೋಣ" ಎಂದ ಗುಂಡಿಯಣ್ಣ ಕಡೆಗೆ. "ಒಳಗೆ ಒಂದೂವರೆಯೇ ಇರಲಿ. ಗೇಟಿನ ಕಡೆ ನೆಲ ಗಟ್ಟಿ. ಉದ್ದಕ್ಕೆ ಹೋದ್ರೆ?"

ನರ್ಸಮ್ಮ ಬೆರಳು ಮಡಚಿದರು. "ಅಗಲ ಒಂದೂವರೆ, ಆಳ ಎರಡು, ಗುಣಿಸಿದ್ರೆ ಮೂರು. ಹನ್ನೆರಡಕ್ಕೆ ಉದ್ದ ನಾಲ್ಕು ಬೇಕು."

"ಗೋಡೆ ಸೇರಿ ನಾಲ್ಕೂವರೆ" ಎಂದ ಭಾಮೈದ, ಮೆಲ್ಲಗೆ. "ಅಗಲ ಈಗಿರೋ ಎರಡೇ. ಆಳ ಎರಡು ಎಪ್ಪತ್ತು. ಒಟ್ಟು ಮಣ್ಣು ಇಪ್ಪತ್ನಾಲ್ಕು ಘನ ಮೀಟರ್ ಚಿಲ್ಲರೆ. ಮೊದಲೇ ಸರಿಯಾಗಿ ತೋಡಿದ್ರೂ ಇಪ್ಪತ್ಮೂರೂವರೆ ಹೋಗ್ತಿತ್ತು ಭಾವ. ಅಂಥ ಹೆಚ್ಚೇನಿಲ್ಲ."

"ಆದ್ರೆ ಗಾಡಿ ಒಳಗೆ ಬರೋ ದಾರಿ ಹೋಗುತ್ತೆ. ಸಂಪಿನ ಮುಚ್ಚಳದ ಮೇಲೆ ಚಕ್ರ ಹತ್ತಬಾರದು" ಎಂದ ಗುಂಡಿಯಣ್ಣ.

ನರ್ಸಮ್ಮ ಗೇಟಿನ ಕಡೆ ನೋಡಿದರು. ನೋವು ತಿನ್ನುತ್ತ ಬರುವವರನ್ನು ಅಲ್ಲಿಂದ ಹೊತ್ತು ತರಬೇಕು. "ಎರಡು ಕಲ್ಲುಕಂಬ ನೆಡಿ. ಗಾಡಿ ಆಚೆ ನಿಲ್ಲಲಿ, ಸ್ಟ್ರೆಚರ್ ತಳ್ಕೊಂಡು ಬರ್ತೀವಿ. ಹೆರಿಗೆ ಹೊತ್ತಲ್ಲಿ ನೀರಿಲ್ಲ ಅನ್ನೋದಕ್ಕಿಂತ ಅದೇ ಮೇಲು."

ಮಳೆ ಬಿಟ್ಟು ನೆಲ ಒಣಗಿದ ಮೇಲೆ ಗೇಟಿನತ್ತ ಒಂದೂವರೆ ಮೀಟರ್ ತೋಡಿದರು, ಹೆಜ್ಜೆಹೆಜ್ಜೆಗೂ ಹಲಗೆ ಕೊಟ್ಟುಕೊಂಡು. ಭಾಮೈದ ಗೋಡೆ ಎಬ್ಬಿಸಿದ, ಒಳಗಾರೆ ನುಣ್ಣಗೆ ಎಳೆದ. ನೀರು ತುಂಬಿದ ದಿನ ಗುಂಡಿಯಣ್ಣ ಮುಚ್ಚಳ ತೆರೆದು ಕೋಲಿಳಿಸಿ ನೋಡಿದ. ಎರಡು ಮೀಟರ್ ಗುರುತಿನವರೆಗೂ ಒದ್ದೆಯಾಗಿತ್ತು. ಕಲ್ಲುಗೋಡೆಯ ಬುಡವನ್ನೂ ಗುಂಡಿಯಣ್ಣ ತಾನೇ ನಿಂತು ಕಟ್ಟಿಸಿಕೊಟ್ಟ. ಆದರೂ ಪಕ್ಕದ ಮನೆಯಾಕೆ ಆ ಅಡುಗೆಮನೆಗೆ ಮರಳಲು ಬಹಳ ದಿನ ಒಪ್ಪಲಿಲ್ಲ. ಹಿತ್ತಿಲಲ್ಲೇ ಒಲೆ ಹೂಡಿಕೊಂಡಿದ್ದಳು.

ಅದಾದ ಮೇಲೂ ಅವನು ತೋಡುತ್ತಲೇ ಇದ್ದಾನೆ. ಭಾಮೈದನೂ ಈಗ ದಡದಿಂದ ಅಳತೆ ಕೂಗಿ ಸುಮ್ಮನಿರುವುದಿಲ್ಲ. ಬೆಳಿಗ್ಗೆ ಬೇಗ ಬಂದು ಆನಿಕೆಗಳನ್ನು ತಾನೇ ಇಳಿಸಿಕೊಡುತ್ತಾನೆ.