ಬೀಗರಿಗೊಂದು ಲಿಖಿತ ದೂರು

ನನ್ನ ತಂಗಿ ಜಗಳವಾಡುವುದನ್ನು ಕೇಳಿದರೆ ಯಾರನ್ನೋ ಮನೆಗೆ ಅರಿಷಿಣ ಕುಂಕುಮಕ್ಕೆ ಕರೆಯುತ್ತಿದ್ದಾಳೆ ಅನಿಸುತ್ತದೆ. ಹಳಿಯಾಳ ಕಡೆಯ ಒಂದು ಹಳ್ಳಿಯಲ್ಲಿ ಅವಳ ಮನೆ. ಅಲ್ಲಿನ ಹೆಣ್ಣುಮಕ್ಕಳ ಸಂಘಕ್ಕೆ ಅವಳೇ ಅಧ್ಯಕ್ಷೆ. ಸಂಘದವರು ಖಡಕ್ ರೊಟ್ಟಿ ಮಾಡಿ ದಾಂಡೇಲಿ, ಜೊಯಿಡಾ ಕಡೆಯ ಹೋಮ್‌ಸ್ಟೇಗಳಿಗೆ ಕಳಿಸುತ್ತಾರೆ. ಕೈಯಲ್ಲಿ ಬಡಿದು ಬಡಿದು ಭುಜ ನೋಯುತ್ತದೆಂದು ಕಳೆದ ವರ್ಷ ಎಲ್ಲರೂ ಸೇರಿ ಹುಬ್ಬಳ್ಳಿಯಿಂದ ರೊಟ್ಟಿ ಮಷಿನ್ ತರಿಸಿದರು. ಮಾರಿದವನು ಬೇರೆ ಯಾರೂ ಅಲ್ಲ, ತಂಗಿಯ ಬೀಗ. ಅವಳ ಮಗಳನ್ನು ಕೊಟ್ಟ ಮನೆಯ ಯಜಮಾನನ ಸ್ವಂತ ತಮ್ಮ. ಹುಬ್ಬಳ್ಳಿಯಲ್ಲಿ ಮಷಿನ್ ಮಾರುವವರು ಎಷ್ಟೋ ಜನರಿದ್ದರು. ಆದರೆ ನಮ್ಮವರು ನಮಗೆ ಮೋಸ ಮಾಡುತ್ತಾರೆಯೇ ಎಂಬ ಹಳೆಯ ನಂಬಿಕೆ ಇದೆಯಲ್ಲ, ಅದಕ್ಕೆ ಎಷ್ಟು ಸಲ ಏಟು ಬಿದ್ದರೂ ಆಯುಷ್ಯ ಗಟ್ಟಿ.

ಮಷಿನ್ ಬಂದ ಮೂರನೇ ವಾರದಿಂದ ರೊಟ್ಟಿ ಒಂದು ಕಡೆ ಹಾಳೆಯಷ್ಟು ತೆಳ್ಳಗೆ, ಇನ್ನೊಂದು ಕಡೆ ದಪ್ಪಗೆ ಬರತೊಡಗಿತು. ತೆಳ್ಳಗಿದ್ದ ಕಡೆ ಕರಕಲು, ದಪ್ಪ ಕಡೆ ಹಸಿ. ಜೊಯಿಡಾದ ಹೋಮ್‌ಸ್ಟೇಯವನು ಪಾಕೀಟುಗಳನ್ನು ವಾಪಸು ಕಳಿಸಿದ. ಸಂಘದಲ್ಲಿ ಗುಸುಗುಸು ಶುರುವಾಯಿತು. ಅಧ್ಯಕ್ಷೆಗೆ ಬೀಗನಿಂದ ಕಮಿಷನ್ ಬಂದಿರಬೇಕು, ಅದಕ್ಕೇ ಬಾಯಿ ಬಿಡುವುದಿಲ್ಲ ಎಂದು. ತಿಂಗಳ ಸಭೆಯಲ್ಲಿ ಹೊಸ ಅಧ್ಯಕ್ಷೆಯನ್ನು ಆರಿಸುವ ಮಾತೂ ಎದ್ದಿತು. ಆಗ ತಂಗಿ ಬಸ್ಸು ಹಿಡಿದು ದಾಂಡೇಲಿಗೆ ನನ್ನ ಮನೆಗೆ ಬಂದಳು.

ನಾನು ಕಾರ್ಖಾನೆಯೊಂದರ ಉಗ್ರಾಣದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬಂದ ಮಾಲನ್ನು ಪರೀಕ್ಷಿಸಿ, ಕೆಟ್ಟದ್ದನ್ನು ತಿರಸ್ಕರಿಸಿ ಪತ್ರ ಬರೆದವನು. ನಿವೃತ್ತನಾದ ಮೇಲೆ ತಿರಸ್ಕರಿಸಲು ಮನೆಯಲ್ಲಿ ಮಾಡಿದ ಉಪ್ಪಿಟ್ಟು ಬಿಟ್ಟರೆ ಏನೂ ಇರಲಿಲ್ಲ, ಅದಕ್ಕೂ ಹೆಂಡತಿಯ ಅನುಮತಿ ಬೇಕು. ಹಾಗಾಗಿ ತಂಗಿಯ ಕಷ್ಟ ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ದೂರು ಕೊಟ್ಟಿದ್ದೀಯಾ ಎಂದು ಕೇಳಿದೆ. ಹದಿನೈದು ಸಲ ಕೊಟ್ಟಿದ್ದೇನೆ ಎಂದು ಫೋನ್ ಕೈಗಿಟ್ಟಳು. ವಾಟ್ಸಾಪಿನಲ್ಲಿ ಮೊದಲು ದಿನಕ್ಕೊಂದು ಶುಭೋದಯ, ಅದರ ಕೆಳಗೆ ಗುಲಾಬಿ. ಆಮೇಲೆ ಬೀಗಿತಿಯವರ ಮಂಡಿನೋವು ಹೇಗಿದೆ ಎಂಬ ವಿಚಾರಣೆ. ಅದರ ನಡುವೆ ಎಲ್ಲೋ ಒಂದು ಕಡೆ, ಸಾರಿನಲ್ಲಿ ಬಿದ್ದ ಸಾಸಿವೆ ಕಾಳಿನ ಹಾಗೆ, ಮಷಿನ್ ಸ್ವಲ್ಪ ನೋಡಬೇಕಿತ್ತು ಎಂಬ ಒಂದು ಸಾಲು. ಬೀಗ ಅದಕ್ಕೆ ಕೈಮುಗಿದ ಚಿತ್ರ ಕಳಿಸಿದ್ದ. ಅದಕ್ಕೆ ತಂಗಿ ಹೆಬ್ಬೆರಳು ಎತ್ತಿದ್ದಳು. ಹೆಬ್ಬೆರಳು ಎತ್ತಿದರೆ ಸಮಸ್ಯೆ ಬಗೆಹರಿಯಿತು ಅಂತ ಅರ್ಥ ಎಂದು ನಾನು ಬೈದೆ. ಬೀಗರಿಗೆ ಬೆರಳು ಎತ್ತದಿದ್ದರೆ ಮರ್ಯಾದೆ ಇರುತ್ತದೆಯೇ ಎಂದು ಅವಳು ನನಗೇ ತಿರುಗಿ ಕೇಳಿದಳು.

ಅವಳ ಅಂಜಿಕೆ ಸುಳ್ಳಲ್ಲ. ಮಗಳು ಆ ಮನೆಯಲ್ಲಿ ಬಾಳಬೇಕು. ಇತ್ತ ಸಂಘದ ಹೆಂಗಸರ ಎದುರು ಇವಳು ತಲೆಯೆತ್ತಿ ಓಡಾಡಬೇಕು. ಅತ್ತ ದರಿ, ಇತ್ತ ಪುಲಿ.

ಮರುದಿನ ನಾನು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಜೇಬಿಗಿಟ್ಟುಕೊಂಡು ಹಳ್ಳಿಗೆ ಹೋದೆ. ಮೊದಲು ಮಷಿನ್ನಿನ ನಂಬರ್ ಕೆತ್ತಿದ ತಗಡು ಹುಡುಕಬೇಕಾಯಿತು. ಪೂಜೆಯ ದಿನ ಅದರ ಮೇಲೇ ಮೂರೆಳೆ ವಿಭೂತಿ ಬಳಿದು, ಕುಂಕುಮ ಮೆತ್ತಿ, ಆಮೇಲೆ ಹಾರಿದ ಹಿಟ್ಟೆಲ್ಲ ಅದಕ್ಕೆ ಅಂಟಿ, ನಂಬರ್ ದೇವರಿಗೇ ಗೊತ್ತು ಎನ್ನುವ ಹಾಗಾಗಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಫೋಟೋ ತೆಗೆದೆ. ಬಿಲ್ಲು ಮತ್ತು ಅವಧಿ ಇನ್ನೂ ಮುಗಿಯದ ಒಂದು ವರ್ಷದ ವಾರಂಟಿ ಕಾರ್ಡು ಬಸವಣ್ಣನ ಫೋಟೋದ ಹಿಂದೆ ಸಿಕ್ಕವು. ಅಂತೂ ಪೂಜೆಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ.

ತಂಗಿ ಫೋನ್ ಮಾಡಿದಾಗಲೆಲ್ಲ ಬೀಗ ಕೊಟ್ಟ ಉತ್ತರಗಳು ಎರಡೇ. ಒಂದು, ನಿಮ್ಮ ನೆಲ ಡೊಂಕು. ಇನ್ನೊಂದು, ನಿಮ್ಮ ಹಿಟ್ಟು ಸರಿಯಾಗಿ ನಾದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಕೇಳಿದ್ದೆ, ಮಷಿನ್ ಮಾರುವವನೂ ಅದನ್ನೇ ಹೇಳುತ್ತಾನೆಂದು ಅವತ್ತೇ ತಿಳಿದದ್ದು. ಗೌಂಡಿಯ ಕಡೆಯಿಂದ ನೆಲದ ಮಟ್ಟ ನೋಡುವ ರಸಮಟ್ಟ ತರಿಸಿ ಮಷಿನ್ನಿನ ಕಾಲ ಬಳಿ ಎರಡೂ ದಿಕ್ಕಿಗೆ ಇಟ್ಟು ಫೋಟೋ ತೆಗೆದೆ. ಗುಳ್ಳೆ ನಟ್ಟನಡುವೆ ನಿಂತಿತ್ತು. ಆಮೇಲೆ ಹಿಟ್ಟಿನ ಪರೀಕ್ಷೆ. ಸಂಘದ ಹಿರಿಯ ಅಜ್ಜಿ ಒಬ್ಬಳಿದ್ದಾಳೆ, ಎಂಟು ವರ್ಷದವಳಿದ್ದಾಗಿನಿಂದ ರೊಟ್ಟಿ ಬಡಿದವಳು. ಅವಳು ಒಂದು ಕಣಕ ನಾದಿದಳು. ಹೊಸದಾಗಿ ಸೇರಿದ ಸೊಸೆಯೊಬ್ಬಳು ಇನ್ನೊಂದು ನಾದಿದಳು. ಎರಡರಿಂದಲೂ ಹತ್ತು ಹತ್ತು ರೊಟ್ಟಿ ತೆಗೆಸಿ, ಪ್ರತಿಯೊಂದರ ಎಡ ಅಂಚಿಗೆ ಉಗುರಿನಿಂದ ಗುರುತು ಹಾಕಿಸಿ, ಸುಟ್ಟು ಒಣಗಿದ ಮೇಲೆ ಎರಡೂ ಅಂಚನ್ನು ಅಳೆದೆ. ಯಾರು ನಾದಿದರೂ ಎಡಕ್ಕೆ ತೆಳು, ಬಲಕ್ಕೆ ದಪ್ಪ. ಕಣಕದ ಉಂಡೆಯನ್ನು ತಿರುಗಿಸಿ ಹಾಕಿದರೂ ಅದೇ. ಕರೆಂಟ್ ತೆಗೆಸಿ ಎರಡು ರೋಲರಿನ ನಡುವಿನ ಸಂದು ಅಳೆದರೆ ಅಲ್ಲೂ ಬಲಕ್ಕೆ ಹೆಚ್ಚು. ಸ್ಕ್ರೂ ಬಿಗಿ ಮಾಡಿದರೆ ಅರ್ಧ ದಿನ ಸರಿಯಿದ್ದು ಮತ್ತೆ ಸಡಿಲವಾಗುತ್ತಿತ್ತು. ಅಜ್ಜಿ ನನ್ನ ಕ್ಯಾಲಿಪರನ್ನೇ ನೋಡುತ್ತಿದ್ದಳು. ರೊಟ್ಟಿ ಅಳೆಯುವ ಗಂಡಸನ್ನು ಅವಳು ಜೀವಮಾನದಲ್ಲಿ ನೋಡಿರಲಿಲ್ಲ. ತಿನ್ನುವವರನ್ನು ಮಾತ್ರ ನೋಡಿದ್ದಳು.

ತಂಗಿಯ ರಾಗ ಬದಿಗಿಟ್ಟು, ಪತ್ರ ಬರೆಯಲು ಲೆಕ್ಕಣಿಕೆ ಹಿಡಿದೆ. ತಂಗಿ 'ಮಷಿನ್ ಹಾಳು ಬಿದ್ದೈತಿ' ಅಂದದ್ದನ್ನು 'ಇಪ್ಪತ್ತು ರೊಟ್ಟಿಗಳಲ್ಲಿ ಇಪ್ಪತ್ತೂ ಬಲ ಅಂಚಿನಲ್ಲಿ ದಪ್ಪ, ಅಳತೆಯ ಪಟ್ಟಿ ಲಗತ್ತಿಸಿದೆ' ಎಂದು ಬರೆದೆ. ಬೇರಿಂಗ್ ಸವೆದಿರಬೇಕು ಎಂದು ಅವಳ ಗಂಡ ಸೇರಿಸಲು ಹೇಳಿದ. ಬೇಡವೆಂದೆ. ಕಂಡದ್ದನ್ನು ಬರೆಯಬೇಕು, ಕಾರಣ ಹುಡುಕುವುದು ಮಾರಿದವನ ಕೆಲಸ. ಕಾರಣ ತಪ್ಪಾದರೆ ಕಂಡದ್ದನ್ನೂ ಅವನು ಸುಳ್ಳು ಅನ್ನುತ್ತಾನೆ. ಬಿಲ್ಲು, ವಾರಂಟಿ, ಫೋಟೋಗಳು, ಜೊಯಿಡಾದವನ ವಾಪಸು ಸಂದೇಶ, ಅಳತೆ ಪಟ್ಟಿ, ಹೀಗೆ ಐದು ಲಗತ್ತು. ಕೊನೆಯಲ್ಲಿ ಬೇಡಿಕೆ: ಪತ್ರ ತಲುಪಿದ ಹದಿನೈದು ದಿನದಲ್ಲಿ ಸ್ವಂತ ಖರ್ಚಿನಲ್ಲಿ ರಿಪೇರಿ, ಆಗದಿದ್ದರೆ ಬದಲಿ ಮಷಿನ್, ಅದೂ ಆಗದಿದ್ದರೆ ಹಣ ವಾಪಸು. ಈ ಮಷಿನ್ ನಮ್ಮ ಸ್ವಯಂ ಉದ್ಯೋಗದ ಜೀವನೋಪಾಯಕ್ಕೆ ಕೊಂಡದ್ದು, ಉತ್ತರ ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ ಎಂದೂ ಸೇರಿಸಿದೆ. ತಂಗಿ ಓದಿ, ಮೇಲೆ 'ಪೂಜ್ಯ ಬೀಗರಿಗೆ' ಅಂತ ಹಾಕಲೇ ಎಂದಳು.

ಆರನೆಯ ಲಗತ್ತು ಆಗಬೇಕಿದ್ದದ್ದು ಅವಳು ಕೊಟ್ಟ ದೂರುಗಳ ದಿನಾಂಕವಾರು ಪಟ್ಟಿ. ಅದಕ್ಕಾಗಿ ಅವಳ ಧ್ವನಿ ಸಂದೇಶಗಳನ್ನು ಒಂದೊಂದಾಗಿ ಕೇಳುತ್ತ ಕೂತೆ. ನಾಲ್ಕನೆಯದರಲ್ಲಿ ತಂಗಿಯ ಧ್ವನಿ ನಗುತ್ತ ಹೇಳುತ್ತಿತ್ತು: "ಮಷಿನ್ನಿಂದೇನ್ ತಪ್ಪಿಲ್ರಿ ಬೀಗರ. ನಮ್ಮ ಹೆಣ್ಮಕ್ಕಳಿಗೇ ಹಿಟ್ಟು ನಾದಾಕ ಬರೂದಿಲ್ಲ."

ನಾನು ಅವಳ ಮುಖ ನೋಡಿದೆ. ಬೀಗನಿಗೆ ಬೇಜಾರಾಗಬಾರದೆಂದು ಹಾಗಂದೆ, ಮಾತಿಗೆ ಅಂದದ್ದು ಎಂದಳು. ಅದನ್ನು ಅಳಿಸಿಬಿಡು ಎಂದಳು. ಇವಳ ಫೋನಿನಲ್ಲಿ ಅಳಿಸಿದರೆ ಅವನ ಫೋನಿನಲ್ಲಿ ಅಳಿಯುತ್ತದೆಯೇ? ನಾಳೆ ಅವನೇ ಅದನ್ನು ತೆಗೆದು ಎಲ್ಲರ ಮುಂದೆ ಹಾಕುತ್ತಾನೆ. ನಾವೇ ಮೊದಲು ಹೇಳಿ, ಅದರ ಪಕ್ಕದಲ್ಲೇ ಹಿಟ್ಟಿನ ಪರೀಕ್ಷೆಯ ಫಲ ಇಟ್ಟರೆ ಆ ಮಾತಿನ ಹಲ್ಲು ಮುರಿಯುತ್ತದೆ. ಆದರೆ ಪತ್ರಕ್ಕೆ ಸಂಘದ ಎಲ್ಲರ ಸಹಿ ಬೇಕು. ಸಹಿ ಹಾಕುವವರಿಗೆ ಓದಿ ಹೇಳಬೇಕು. ಇದನ್ನೆಲ್ಲ ನಾನು ಉಗ್ರಾಣದ ಗತ್ತಿನಲ್ಲೇ ವಿವರಿಸಿದೆ. ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಣ್ಣಾ, ಕಮಿಷನ್ ತಿಂದಾಳ ಅಂದ್ರೂ ತಡಕೋತೇನಿ. ಇದನ್ನ ಹೆಂಗ್ ಓದ್ಲಿ?"

ಮೂವತ್ತು ವರ್ಷ ನಾನು ಬರೆದ ಪತ್ರಗಳಲ್ಲಿ ಅಳುವ ಪೂರೈಕೆದಾರರೂ ಇರಲಿಲ್ಲ, ಅಳುವ ಖರೀದಿದಾರರೂ ಇರಲಿಲ್ಲ.

ಸಹಿಗೆಂದು ಕರೆದ ಸಭೆಯಲ್ಲಿ ಅವಳೇ ಓದಿದಳು. ಆ ಸಾಲು ಬಂದಾಗ ಧ್ವನಿ ಸಣ್ಣದಾಯಿತು, ಆದರೆ ನಿಲ್ಲಲಿಲ್ಲ. ತಪ್ಪು ನನ್ನದು, ಬೀಗರ ಮುಂದೆ ಒಳ್ಳೆಯವಳಾಗಲು ಹೋಗಿ ನಿಮ್ಮ ಮೇಲೆ ಹಾಕಿದೆ ಎಂದಳು. ಹೊಸ ಸೊಸೆ ಎದ್ದು ಹೊರಗೆ ಹೋದಳು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅಜ್ಜಿ ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟು ನೋಡಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಬೇಡಿಕೆಯಲ್ಲಿ ಇನ್ನೊಂದು ಸಾಲು ಹಾಕಲು ಜಾಗವಿದೆಯೇ ಎಂದು ಕೇಳಿದಳು.

"ಮಷಿನ್ ಆಮ್ಯಾಲೆ ರಿಪೇರಿ ಮಾಡ್ಲಿ. ಮೊದಲ ನಮ್ಮ ಕೈ ಸರಿ ಅದಾವು ಅಂತ ಬರದು ಕೊಡ್ಲಿ."

ಬರೆದೆ. ಹಿಟ್ಟು ನಾದುವುದರಲ್ಲಿ ದೋಷವಿಲ್ಲವೆಂದು ತಪಾಸಣೆಯ ನಂತರ ಲಿಖಿತವಾಗಿ ತಿಳಿಸತಕ್ಕದ್ದು. ನನ್ನ ಇಡೀ ನೌಕರಿಯಲ್ಲಿ ಇಂಥ ಬೇಡಿಕೆ ಬರೆದಿರಲಿಲ್ಲ. ಎಲ್ಲರೂ ಸಹಿ ಮಾಡಿದರು, ಅಜ್ಜಿ ಹೆಬ್ಬೆಟ್ಟು ಒತ್ತಿದಳು. ಹೊರಗೆ ಹೋದ ಸೊಸೆಯೂ ಬಂದು ಮಾಡಿದಳು, ತಂಗಿಯ ಮುಖ ನೋಡದೆ. ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು, ಪ್ರತಿ ವಾಟ್ಸಾಪಿನಲ್ಲಿ. ಅವತ್ತು ಶುಭೋದಯ ಕಳಿಸಬಾರದೆಂದು ತಂಗಿಯಿಂದ ಆಣೆ ಮಾಡಿಸಿದ್ದೆ.

ನಾಲ್ಕನೇ ದಿನ ಬೀಗನ ಫೋನ್ ನನಗೇ ಬಂತು. ಬೀಗರ ನಡುವೆ ಕಾಗದ ಪತ್ರವೇ, ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಎಂದು ನೊಂದುಕೊಂಡ. ಹದಿನೈದು ಮಾತು ಹೇಳಿದ ಪಟ್ಟಿ ಇದೆ ಎಂದೆ. ಆಗ ಅವನು ತನ್ನ ಬ್ರಹ್ಮಾಸ್ತ್ರ ತೆಗೆದ.

"ನಿಮ್ಮ ತಂಗೀನ ಹೇಳ್ಯಾರಲ್ರಿ, ಹಿಟ್ಟಿಂದ ತಪ್ಪು ಅಂತ. ರೆಕಾರ್ಡ್ ಐತಿ ನನ್ನ ಕಡೆ."

"ಹೌದ್ರಿ. ಲಗತ್ತು ಆರು, ನಾಲ್ಕನೇ ಸಾಲು ನೋಡ್ರಿ. ಅದರ ಬಾಜೂಕ ಉತ್ತರಾನೂ ಐತಿ."

ಆ ಕಡೆ ಹಾಳೆ ಮಗುಚುವ ಸದ್ದು ಕೇಳಿಸಿತು. ಪಾಪ, ಅವನು ಅಲ್ಲಿಯವರೆಗೆ ಲಗತ್ತು ಓದಿರಲಿಲ್ಲ. ಯಾರೂ ಓದುವುದಿಲ್ಲ. ಅದಕ್ಕೇ ಲಗತ್ತಿಗೆ ಅಷ್ಟು ಶಕ್ತಿ.

ಹನ್ನೊಂದನೇ ದಿನ ಬೀಗ ಕಳಿಸಿದ ಮಿಸ್ತ್ರಿ ಬಂದ. ಬಲಗಡೆಯ ಬೇರಿಂಗ್ ಕೂರುವ ಜಾಗವನ್ನೇ ದೊಡ್ಡದಾಗಿ ಕೊರೆದಿದ್ದರಂತೆ, ಕಾರ್ಖಾನೆಯಲ್ಲೇ ಆದ ತಪ್ಪು. ಆ ಬದಿಯ ಇಡೀ ಭಾಗ ಬದಲಾಯಿಸಿ, ಹತ್ತು ರೊಟ್ಟಿ ತೆಗೆದು ತೋರಿಸಿದ. ನಾನು ಅಳೆದೆ, ಎರಡೂ ಅಂಚು ಸಮ. ತಪಾಸಣೆ ವರದಿಯಲ್ಲಿ ರೋಲರಿನ ದೋಷವೆಂದು ಬರೆದು, ಅಜ್ಜಿ ಎದುರೇ ಕೂತಿದ್ದರಿಂದ, ಹಿಟ್ಟು ನಾದುವುದರಲ್ಲಿ ದೋಷವಿಲ್ಲ ಎಂದೂ ಬರೆದು ಸೀಲು ಹೊಡೆದ. ಓದು ಬಾರದ ಅಜ್ಜಿ ಅದನ್ನು ಮೂರು ಸಲ ಓದಿಸಿದಳು. ಹುಬ್ಬಳ್ಳಿಯಲ್ಲಿ ಬೀಗ ಎರಡು ತಿಂಗಳು ಮುನಿಸಿಕೊಂಡಿದ್ದ. ಆದರೆ ಆ ಮನೆಯಲ್ಲಿ ತಂಗಿಯ ಮಗಳ ತಾಟಿಗೆ ಬೀಳುವ ಅನ್ನವೇನೂ ಕಡಿಮೆಯಾಗಲಿಲ್ಲ.

ಅದಾದ ಮೇಲಿನ ತಿಂಗಳ ಸಭೆಗೆ ನಾನೂ ಹೋಗಿದ್ದೆ. ತಂಗಿ ತಾನಾಗಿಯೇ ಎದ್ದು, ಅಧ್ಯಕ್ಷತನ ಬಿಡುತ್ತೇನೆ, ಬೇರೆಯವರನ್ನು ಆರಿಸಿರಿ ಎಂದಳು. ಕಮಿಷನ್ ಸುದ್ದಿಯನ್ನು ಹಬ್ಬಿಸಿದವರೇ ಈಗ ನೆಲ ನೋಡುತ್ತ ಕೂತರು. ಅಜ್ಜಿ ಕೈ ಚಾಚಿದಳು. ತಂಗಿ ಆ ಕೈ ಹಿಡಿಯಲು ಹೋದಳು.

"ಕೈ ಬ್ಯಾಡ," ಎಂದಳು ಅಜ್ಜಿ. "ಅಧ್ಯಕ್ಷತನ ನಿನ್ನ ಕಡೇನ ಇರ್ಲಿ. ಫೋನ್ ಕೊಡು ಇತ್ತ."